ಕನೆಕ್ಟಿಂಗ್ ಫ್ಲೈಟ್ ತಪ್ಪಿತೇ? ಏರ್‌ಲೈನ್‌ಗೆ ದೂರು ಬರೆಯುವ ಸಮಗ್ರ ಮಾರ್ಗದರ್ಶಿ

ಅಕ್ಕ ಇರುವುದು ಫ್ರಾಂಕ್‌ಫರ್ಟ್‌ನಲ್ಲಿ. ಅಪ್ಪ, ಅಮ್ಮ ಮೂರು ತಿಂಗಳು ಅವಳ ಮನೆಯಲ್ಲಿದ್ದು 2024ರ ಫೆಬ್ರವರಿಯಲ್ಲಿ ವಾಪಸ್ ಹೊರಟರು. ಕೊಲ್ಲಿಯ ಒಂದು ಊರಲ್ಲಿ ವಿಮಾನ ಬದಲಿಸಿ ಬೆಂಗಳೂರಿಗೆ ಬರುವ ಟಿಕೆಟ್. ಫ್ರಾಂಕ್‌ಫರ್ಟ್‌ನಿಂದ ಹೊರಡುವುದೇ ಎರಡೂ ಕಾಲು ಗಂಟೆಗಿಂತ ಜಾಸ್ತಿ ತಡವಾಯಿತು. ನಡುವಿನ ಊರಲ್ಲಿ ಇಳಿಯುವಷ್ಟರಲ್ಲಿ ಬೆಂಗಳೂರಿನ ವಿಮಾನ ಹೊರಟುಹೋಗಿತ್ತು. ಬೆಳಿಗ್ಗೆ ಏಳಕ್ಕೆ ಬರಬೇಕಾದವರು ರಾತ್ರಿ ಎಂಟು ದಾಟಿದ ಮೇಲೆ ಬಂದರು.

ಸಿಟ್ಟಿನಲ್ಲಿ ನಾನೇ ಕೂತು ಎರಡು ಪುಟದ ದೂರು ಬರೆದೆ. ಅಮ್ಮನ ಬಿಪಿ ಮಾತ್ರೆ ಚೆಕ್-ಇನ್ ಬ್ಯಾಗಿನಲ್ಲಿ ಸಿಕ್ಕಿಕೊಂಡಿದ್ದು, ಅಪ್ಪನ ಮಂಡಿನೋವು, ಡೆಸ್ಕಿನಲ್ಲಿದ್ದ ಹುಡುಗಿ ಮುಖ ತಿರುಗಿಸಿದ್ದು, ಎಲ್ಲವೂ ಅದರಲ್ಲಿತ್ತು. ಅಪ್ಪ ಓದಿದರು. ಅವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು, ಮೂವತ್ತು ವರ್ಷ ಜನರ ಅರ್ಜಿ ಓದಿದವರು. ಕನ್ನಡಕ ತೆಗೆದು, "ಇದರಲ್ಲಿ ಎಷ್ಟು ದುಡ್ಡು ಕೇಳಿದೀಯ, ಯಾವ ಕಾನೂನಲ್ಲಿ ಕೇಳಿದೀಯ, ಎರಡೂ ಇಲ್ಲವಲ್ಲೋ" ಅಂದರು.

ಆಮೇಲೆ ಹೊಸದಾಗಿ ಬರೆದ ಒಂದು ಪುಟದ ಅರ್ಜಿಯಿಂದ 1,200 ಯೂರೊ ಬಂತು. ಅದನ್ನು ಬರೆದ ರೀತಿಯನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಯುರೋಪಿನಿಂದ ಊರಿಗೆ ಬರುವ ದಾರಿಯಲ್ಲಿ ವಿಮಾನ ತಪ್ಪಿದವರಿಗೆ ಇದು ಪೂರ್ತಿ ಹೊಂದುತ್ತದೆ. ಉಳಿದವರ ದಾರಿ ಬೇರೆ, ಅದನ್ನು ಕೊನೆಯಲ್ಲಿ ಹೇಳಿದ್ದೇನೆ.

ಮೊದಲು ನೋಡಬೇಕಾದ್ದು: ಎಲ್ಲಿಂದ ಹೊರಟಿರಿ, ಟಿಕೆಟ್ ಒಂದೇನಾ

ಯುರೋಪಿಯನ್ ಒಕ್ಕೂಟದಲ್ಲಿ 2004ರ ಒಂದು ಕಾಯ್ದೆ ಇದೆ. ಅದರ ಸಂಖ್ಯೆ 261. ಒಕ್ಕೂಟದ ಯಾವುದೇ ವಿಮಾನ ನಿಲ್ದಾಣದಿಂದ ಹೊರಡುವ ಎಲ್ಲ ವಿಮಾನಗಳಿಗೂ ಅದು ಅನ್ವಯ. ಏರ್‌ಲೈನ್ ಯಾವ ದೇಶದ್ದು ಅನ್ನುವುದು ಲೆಕ್ಕಕ್ಕಿಲ್ಲ. ನಮ್ಮವರಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ. "ಅದು ಯುರೋಪಿನ ಏರ್‌ಲೈನ್ ಅಲ್ವಲ್ಲ, ನಮಗೆಲ್ಲಿ ಸಿಗತ್ತೆ" ಅಂದುಕೊಂಡು ಸುಮ್ಮನಾಗುತ್ತಾರೆ. ಹೊರಟಿದ್ದು ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನಿಂದ ಆಗಿದ್ದರೆ ಸಾಕು.

ಯುರೋಪಿಗೆ ಹೋಗುವಾಗ ಮಾತ್ರ ಏರ್‌ಲೈನ್ ಯಾರದ್ದು ಅನ್ನುವುದು ಮುಖ್ಯ. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ಯುರೋಪಿನ ಏರ್‌ಲೈನ್‌ನಲ್ಲಿ ಹೋದರೆ ಈ ಕಾಯ್ದೆ ಇದೆ. ಕೊಲ್ಲಿಯ ಅಥವಾ ಭಾರತದ ಏರ್‌ಲೈನ್‌ನಲ್ಲಿ ಹೋದರೆ ಇಲ್ಲ. ಹೋಗಿ ಬರುವ ಟಿಕೆಟ್ ಒಟ್ಟಿಗೆ ತೆಗೆದಿದ್ದರೂ ಹೋಗುವುದು ಬೇರೆ, ಬರುವುದು ಬೇರೆ ಅಂತಲೇ ಲೆಕ್ಕ.

ಎರಡನೆಯದು, ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿ ಇರಬೇಕು. ಆರು ಅಕ್ಷರದ ಪಿಎನ್‌ಆರ್ ಒಂದೇ ಇದ್ದರೆ ಸರಿ. ಅನುಮಾನ ಇದ್ದರೆ ಬ್ಯಾಗಿಗೆ ಕಟ್ಟಿದ ಚೀಟಿ ನೋಡಿ. ಅಮ್ಮನ ಸೂಟ್‌ಕೇಸಿನ ಚೀಟಿಯಲ್ಲಿ `BLR` ಅಂತ ದಪ್ಪ ಅಕ್ಷರದಲ್ಲಿತ್ತು. ಅಂದರೆ ಫ್ರಾಂಕ್‌ಫರ್ಟ್‌ನಲ್ಲಿ ಕೊಟ್ಟ ಸೂಟ್‌ಕೇಸನ್ನು ಬೆಂಗಳೂರಿನಲ್ಲೇ ಕೊಡುತ್ತೇವೆ ಅಂತ ಏರ್‌ಲೈನ್ ಒಪ್ಪಿಕೊಂಡಿತ್ತು. ದುಡ್ಡು ಉಳಿಸಲು ಎರಡು ಟಿಕೆಟ್ ಬೇರೆ ಬೇರೆ ತೆಗೆದಿದ್ದರೆ, ಎರಡನೇ ವಿಮಾನ ತಪ್ಪಿದ್ದಕ್ಕೆ ಈ ಕಾಯ್ದೆಯಲ್ಲಿ ಪರಿಹಾರ ಇಲ್ಲ. ಮೊದಲ ವಿಮಾನವೇ ಮೂರು ಗಂಟೆ ತಡವಾಗಿದ್ದರೆ ಅದಕ್ಕಷ್ಟೇ ಕೇಳಬಹುದು.

ಲೆಕ್ಕ: ತಡವನ್ನು ಎಲ್ಲಿ ಅಳೆಯಬೇಕು

ಇಡೀ ದೂರು ನಿಂತಿರುವುದು ಇದೊಂದರ ಮೇಲೆ. ನಮ್ಮ ಪ್ರಕರಣ ಹೀಗಿತ್ತು. ಫ್ರಾಂಕ್‌ಫರ್ಟ್‌ನಿಂದ ಮಧ್ಯಾಹ್ನ 2:20ಕ್ಕೆ ಹೊರಡಬೇಕಿತ್ತು, ಹೊರಟಿದ್ದು 4:45ಕ್ಕೆ. ನಡುವಿನ ಊರನ್ನು ಅಲ್ಲಿಯ ಸಮಯ ರಾತ್ರಿ 11:30ಕ್ಕೆ ತಲುಪಬೇಕಿತ್ತು, ತಲುಪಿದ್ದು 1:50ಕ್ಕೆ. ಬೆಂಗಳೂರಿನ ವಿಮಾನ 1:20ಕ್ಕೇ ಹೋಗಿತ್ತು. ಮುಂದಿನ ವಿಮಾನದಲ್ಲಿ ಸೀಟು ಕೊಟ್ಟಿದ್ದು ಮಧ್ಯಾಹ್ನ 2:40ಕ್ಕೆ. ಬೆಂಗಳೂರಿಗೆ ಬೆಳಿಗ್ಗೆ 6:50ಕ್ಕೆ ಬರಬೇಕಿತ್ತು. ಬಂದು ಬಾಗಿಲು ತೆಗೆದಿದ್ದು ರಾತ್ರಿ 8:18ಕ್ಕೆ.

ಮೊದಲ ವಿಮಾನದ ತಡ 2 ಗಂಟೆ 20 ನಿಮಿಷ. ಬೆಂಗಳೂರಿನಲ್ಲಿ ಆದ ತಡ 13 ಗಂಟೆ 28 ನಿಮಿಷ. ಕಾಯ್ದೆ ನೋಡುವುದು ಎರಡನೆಯದನ್ನು. ಕೊನೆಯ ಊರಿಗೆ ತಲುಪುವಾಗ ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾಗಿದ್ದರೆ ಪರಿಹಾರ ಸಿಗುತ್ತದೆ. "ತಲುಪಿದ್ದು" ಅಂದರೆ ಚಕ್ರ ನೆಲ ಮುಟ್ಟಿದ ಸಮಯ ಅಲ್ಲ. ವಿಮಾನದ ಒಂದು ಬಾಗಿಲಾದರೂ ತೆರೆದ ಸಮಯ. ಎರಡು ಗಂಟೆ ಐವತ್ತೆಂಟು ನಿಮಿಷದ ಪ್ರಕರಣಗಳಲ್ಲಿ ಈ ವ್ಯತ್ಯಾಸವೇ ದುಡ್ಡು.

ಮೊತ್ತ ದೂರದ ಮೇಲೆ ಹೋಗುತ್ತದೆ. ಒಕ್ಕೂಟದ ಹೊರಗೆ 3,500 ಕಿಲೋಮೀಟರಿಗಿಂತ ದೂರದ ಪ್ರಯಾಣವಾದರೆ ತಲಾ 600 ಯೂರೊ. ಯುರೋಪಿನ ಯಾವ ಊರಿಂದ ಬೆಂಗಳೂರಿಗೆ ಬಂದರೂ ದೂರ ಅದಕ್ಕಿಂತ ಜಾಸ್ತಿಯೇ. ತಡ ಮೂರರಿಂದ ನಾಲ್ಕು ಗಂಟೆಯ ಒಳಗಿದ್ದರೆ ಏರ್‌ಲೈನ್ ಅರ್ಧಕ್ಕೆ ಇಳಿಸಬಹುದು, 300 ಯೂರೊ. ಟಿಕೆಟ್ ಎಷ್ಟಕ್ಕೆ ಕೊಂಡಿರಿ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬ್ರಿಟನ್ನಿನಿಂದ ಹೊರಟವರಿಗೆ ಅಲ್ಲಿಯದೇ ಕಾಯ್ದೆ ಇದೆ. ಹೆಚ್ಚುಕಡಿಮೆ ಇದೇ ನಿಯಮ, ದೂರದ ಪ್ರಯಾಣಕ್ಕೆ 520 ಪೌಂಡ್.

ಅದೇ ದಿನ ಕೂಡಿಡಬೇಕಾದ್ದು

ಅಪ್ಪ ಹಳೇ ಅಭ್ಯಾಸಕ್ಕೆ ಎಲ್ಲ ಚೀಟಿಯನ್ನೂ ಅಂಗಿ ಜೇಬಿನಲ್ಲಿ ಮಡಚಿಟ್ಟುಕೊಂಡಿದ್ದರು. ತಪ್ಪಿದ ವಿಮಾನದ ಬೋರ್ಡಿಂಗ್ ಪಾಸ್ ಕೂಡ ಇತ್ತು. ಅದು ತುಂಬಾ ಮುಖ್ಯ. ಹೊಸ ಪಾಸ್ ಕೊಡುವಾಗ ಡೆಸ್ಕಿನವರು ಹಳೆಯದನ್ನು ಹರಿದು ಬಿಸಾಡುವುದುಂಟು. ಅದಕ್ಕೇ ಕೊಡುವ ಮೊದಲು ಫೋಟೊ ಹೊಡೆದುಕೊಳ್ಳಿ. ಪಾಸ್ ಮೊಬೈಲಿನಲ್ಲೇ ಇದ್ದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಹೊಸ ವಿಮಾನಕ್ಕೆ ಹೆಸರು ಸೇರಿಸಿದ ಕೂಡಲೇ ಆಪ್‌ನಲ್ಲಿ ಹಳೆಯದು ಮಾಯವಾಗಬಹುದು.

ಟ್ರಾನ್ಸ್‌ಫರ್ ಡೆಸ್ಕಿನಲ್ಲಿ ಒಂದು ಪ್ರಶ್ನೆ ಕೇಳಿ: ತಡಕ್ಕೆ ಕಾರಣ ಏನು? ಬರವಣಿಗೆಯಲ್ಲಿ ಕೊಡಿ ಅನ್ನಿ. ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಬಾಯಲ್ಲಿ ಏನೋ ಒಂದು ಹೇಳುತ್ತಾರೆ. ಅಪ್ಪನಿಗೆ "ಟೆಕ್ನಿಕಲ್" ಅಂದಿದ್ದರು. ಅವರು ಬೋರ್ಡಿಂಗ್ ಪಾಸಿನ ಹಿಂದೆ ಪೆನ್ನಲ್ಲಿ ಬರೆದುಕೊಂಡರು: ಟೆಕ್ನಿಕಲ್, ರಾತ್ರಿ 2:25. ಏರ್‌ಲೈನ್ ಆಮೇಲೆ ಹವಾಮಾನದ ಕಥೆ ಹೇಳಿದರೆ ಈ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಬೆಂಗಳೂರು ತಲುಪಿದ ಸಮಯಕ್ಕೆ ನಮ್ಮ ಹತ್ತಿರ ಇದ್ದ ಸಾಕ್ಷಿ ಅಂದರೆ ಅಮ್ಮ ವಾಟ್ಸ್ಆಪ್‌ನಲ್ಲಿ 8:21ಕ್ಕೆ ಕಳಿಸಿದ "ಬಾಗ್ಲು ತೆಗುದ್ರು, ಇಳೀತಿದೀವಿ". ಜೊತೆಗೆ ವಿಮಾನಗಳ ಸಮಯ ತೋರಿಸುವ ಸೈಟಿನಿಂದ ಎರಡೂ ವಿಮಾನಗಳ ಸ್ಕ್ರೀನ್‌ಶಾಟ್ ತೆಗೆದೆ. ಪುಕ್ಕಟೆ ನೋಡುವವರಿಗೆ ಈ ಸೈಟುಗಳು ಹಳೆಯ ದಾಖಲೆಯನ್ನು ಕೆಲವೇ ದಿನ ತೋರಿಸುತ್ತವೆ. ಆಮೇಲೆ ತೆಗೆದರಾಯಿತು ಅಂತ ಬಿಡಬೇಡಿ.

ಕಾಯುವಾಗ ಊಟ ತಿಂಡಿಗೆ, ಹೋಟೆಲಿಗೆ ಖರ್ಚು ಮಾಡಿದ್ದರೆ ಬಿಲ್ ಬೇಕು. ರಾತ್ರಿ ಉಳಿಯಬೇಕಾಗಿ ಬಂದರೆ ರೂಮು ಕೊಡಿ ಅಂತ ಮೊದಲು ಡೆಸ್ಕಿನಲ್ಲೇ ಕೇಳಿ. ಅವರು ಇಲ್ಲ ಅಂದಮೇಲೆ ನೀವೇ ಮಾಡಿದ ಖರ್ಚು ಹಿತಮಿತವಾಗಿದ್ದರೆ ವಾಪಸ್ ಕೇಳಬಹುದು. ನಮ್ಮವರಿಗೆ ಒಂದು ತಿಂಡಿ ಕೂಪನ್ ಕೊಟ್ಟು ಕೈ ತೊಳೆದುಕೊಂಡಿದ್ದರು. ಎರಡು ಬಿಲ್ ಇತ್ತು, ಸೇರಿ 31 ಯೂರೊ.

ಅರ್ಜಿ ಬರೆಯುವುದು

ಬರೆಯುವವರು ಪ್ರಯಾಣಿಕರೇ ಆಗಿರಬೇಕು. ಟಿಕೆಟ್‌ಗೆ ದುಡ್ಡು ಕೊಟ್ಟಿದ್ದು ಅಕ್ಕ, ಆದರೆ ಪರಿಹಾರ ಸೇರಬೇಕಾದ್ದು ಅಪ್ಪ ಅಮ್ಮನಿಗೆ. ಹಾಗಾಗಿ ಇಬ್ಬರ ಹೆಸರಲ್ಲೂ ಬರೆದು ಇಬ್ಬರ ಸಹಿ ಹಾಕಿಸಿದೆ. ಏರ್‌ಲೈನ್‌ಗೆ ಕಳಿಸಿದ್ದು ಇಂಗ್ಲಿಷಿನಲ್ಲಿ. ಅದರ ಒಕ್ಕಣೆ ಇಲ್ಲಿದೆ:

> ವಿಷಯ: ಪಿಎನ್‌ಆರ್ (ಆರು ಅಕ್ಷರ), ಫ್ರಾಂಕ್‌ಫರ್ಟ್–ಬೆಂಗಳೂರು, 11-2-2024. ಇಬ್ಬರಿಗೆ 1,200 ಯೂರೊ ಪರಿಹಾರ ಮತ್ತು 31 ಯೂರೊ ಖರ್ಚು ಕೊಡುವ ಬಗ್ಗೆ.
>
> ಮಾನ್ಯರೇ,
>
> ನಾವಿಬ್ಬರು ಮೇಲಿನ ಒಂದೇ ಬುಕಿಂಗ್‌ನಲ್ಲಿ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನಿಮ್ಮ ಎರಡು ವಿಮಾನಗಳಲ್ಲಿ ಪ್ರಯಾಣಿಸಬೇಕಿತ್ತು. ಫ್ರಾಂಕ್‌ಫರ್ಟ್‌ನಲ್ಲಿ ಸಮಯಕ್ಕೆ ಸರಿಯಾಗಿ ಚೆಕ್-ಇನ್ ಮಾಡಿದ್ದೆವು.
>
> ಮೊದಲ ವಿಮಾನ 2 ಗಂಟೆ 25 ನಿಮಿಷ ತಡವಾಗಿ ಹೊರಟು, 2 ಗಂಟೆ 20 ನಿಮಿಷ ತಡವಾಗಿ ಇಳಿಯಿತು. ನಾವು ಇಳಿಯುವ 30 ನಿಮಿಷ ಮೊದಲೇ ಎರಡನೇ ವಿಮಾನ ಹೊರಟಿತ್ತು. ನೀವು ಕೊಟ್ಟ ಬದಲಿ ವಿಮಾನದಲ್ಲಿ 12-2-2024ರ ರಾತ್ರಿ 8:18ಕ್ಕೆ ಬೆಂಗಳೂರು ತಲುಪಿದೆವು. ನಿಗದಿಯಾದ ಸಮಯ ಅದೇ ದಿನ ಬೆಳಿಗ್ಗೆ 6:50. ಒಟ್ಟು ತಡ 13 ಗಂಟೆ 28 ನಿಮಿಷ.
>
> 261/2004ನೇ ಕಾಯ್ದೆಯ 7ನೇ ವಿಧಿಯಂತೆ ನಮ್ಮಿಬ್ಬರಿಗೆ ತಲಾ 600 ಯೂರೊ, ಒಟ್ಟು 1,200 ಯೂರೊ ಕೊಡಬೇಕೆಂದು ಕೇಳುತ್ತೇವೆ. ಇದಲ್ಲದೆ, 9ನೇ ವಿಧಿಯಂತೆ ಕಾಯುವಾಗಿನ ಊಟದ ಖರ್ಚು 31 ಯೂರೊವನ್ನೂ ಕೊಡಬೇಕು. ಬಿಲ್ ಲಗತ್ತಿಸಿದೆ.
>
> ಹಣವನ್ನು ಕೆಳಗಿನ ಬ್ಯಾಂಕ್ ಖಾತೆಗೆ ಹಾಕಬೇಕು. ವೋಚರ್ ಒಪ್ಪುವುದಿಲ್ಲ. ಪರಿಹಾರ ಕೊಡಲಾಗದು ಎಂದಾದರೆ ತಡಕ್ಕೆ ಕಾರಣವೇನು, ಅದನ್ನು ತಪ್ಪಿಸಲು ಏನು ಮಾಡಿದಿರಿ ಎಂದು ದಾಖಲೆ ಸಮೇತ ತಿಳಿಸಬೇಕು. 14 ದಿನದೊಳಗೆ ಉತ್ತರ ನಿರೀಕ್ಷಿಸುತ್ತೇವೆ.

ಇಷ್ಟೇ. ಇದರಲ್ಲಿ ಮಂಡಿನೋವು ಇಲ್ಲ, ಡೆಸ್ಕಿನ ಹುಡುಗಿ ಇಲ್ಲ. ಅದು ಸುಳ್ಳು ಅಂತಲ್ಲ. 600 ಯೂರೊ ಕೊಡುವ ನಿರ್ಧಾರಕ್ಕೆ ಬೇಕಾಗಿರುವುದು ಮೂರೇ ವಿಷಯ: ಒಂದೇ ಬುಕಿಂಗ್, ಕೊನೆಯ ಊರಿನಲ್ಲಿ ಆದ ತಡ, ಕಾರಣ. ನನ್ನ ಮೊದಲ ಪತ್ರ ಹೋಗಿದ್ದರೆ "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಅನ್ನುವ ಉತ್ತರ ಬಂದು ಅಲ್ಲಿಗೇ ಮುಗಿಯುತ್ತಿತ್ತು. ಅದರಲ್ಲಿ ನಾನು ಕೇಳಿದ್ದೂ ವಿಷಾದವನ್ನೇ.

"14 ದಿನ" ಕಾಯ್ದೆಯಲ್ಲಿರುವ ಗಡುವು ಅಲ್ಲ, ನಾವು ಹಾಕಿದ್ದು. ವೋಚರ್ ಬಗ್ಗೆ ಬರೆದ ಸಾಲು ಮಾತ್ರ ಕಾಯ್ದೆಯ ಬಲದ್ದೇ. ಪ್ರಯಾಣಿಕ ಸಹಿ ಹಾಕಿ ಒಪ್ಪದೆ ಪರಿಹಾರವನ್ನು ವೋಚರ್ ರೂಪದಲ್ಲಿ ಕೊಡುವ ಹಾಗಿಲ್ಲ.

ಶಿವಮೊಗ್ಗಕ್ಕೆ ಹೋಗಲು ಮುಂಗಡ ಕೊಟ್ಟಿದ್ದ ಟ್ಯಾಕ್ಸಿ ಕ್ಯಾನ್ಸಲ್ ಆಗಿ 1,500 ರೂಪಾಯಿ ಹೋಗಿತ್ತು. ಅದನ್ನು ಬೇಕಂತಲೇ ಕೇಳಲಿಲ್ಲ. ಇಂಥ ನಷ್ಟ ಕೇಳಿದರೆ 600 ಯೂರೊ ಒಳಗೇ ವಜಾ ಮಾಡಿಕೊಳ್ಳಲು ಅವಕಾಶ ಇದೆ. ಊಟ, ಹೋಟೆಲಿನ ಖರ್ಚು ಹಾಗಲ್ಲ, ಅದು ಬೇರೆ ಬಾಬ್ತು. ಅದಕ್ಕೇ ಎರಡನ್ನೂ ಬೇರೆ ಬೇರೆ ವಿಧಿಯ ಹೆಸರು ಹಾಕಿ ಕೇಳಬೇಕು.

ಕಳಿಸುವುದು

ಹೆಚ್ಚಿನ ಏರ್‌ಲೈನ್‌ಗಳು ತಮ್ಮ ವೆಬ್‌ಸೈಟಿನ ಫಾರಂ ಮೂಲಕವೇ ದೂರು ಕೇಳುತ್ತವೆ. ಆ ಫಾರಂಗೆ ಅಕ್ಷರಗಳ ಮಿತಿ ಇರುತ್ತದೆ. ಪೂರ್ತಿ ಅರ್ಜಿಯನ್ನು ಪಿಡಿಎಫ್ ಮಾಡಿ ಲಗತ್ತಿಸಿ, ಫಾರಂನಲ್ಲಿ ವಿಷಯದ ಸಾಲು ಮತ್ತು ಎರಡನೇ ಪ್ಯಾರಾ ಮಾತ್ರ ಹಾಕಿ. ಫಾರಂನಲ್ಲಿ "ದೂರಿನ ಬಗೆ" ಅಂತ ಒಂದು ಪಟ್ಟಿ ಬರುತ್ತದೆ. "ಅಭಿಪ್ರಾಯ" ಅನ್ನುವುದನ್ನು ಆರಿಸಿದರೆ ನಿಮ್ಮ ಅರ್ಜಿ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ವಿಮಾನ ತಡ ಅಥವಾ ಪರಿಹಾರ ಅಂತ ಇರುವುದನ್ನೇ ಆರಿಸಿ. ಕಳಿಸುವ ಗುಂಡಿ ಒತ್ತುವ ಮೊದಲು ಒಂದು, ಒತ್ತಿ ನಂಬರ್ ಬಂದ ಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಮುಂದೆ ಬೇರೆ ಕಡೆ ಹೋದರೆ ಮೊದಲು ಕೇಳುವುದೇ ಆ ದಿನಾಂಕವನ್ನು.

ಮೊದಲ ಉತ್ತರ ಮತ್ತು ಅದಕ್ಕೆ ಜವಾಬು

ಹತ್ತೊಂಬತ್ತನೇ ದಿನಕ್ಕೆ ಉತ್ತರ ಬಂತು. ಮೂರು ಮಾತಿತ್ತು. ಮೊದಲ ವಿಮಾನದ ತಡ ಮೂರು ಗಂಟೆಗಿಂತ ಕಡಿಮೆ, ಹಾಗಾಗಿ ಪರಿಹಾರ ಇಲ್ಲ. ಎರಡನೇ ವಿಮಾನ ಯುರೋಪಿನ ಹೊರಗಿನದು, ಅದಕ್ಕೆ ಕಾಯ್ದೆ ಇಲ್ಲ. ತಡವಾಗಿದ್ದು ತಾಂತ್ರಿಕ ಕಾರಣಕ್ಕೆ, ಅದು ತಮ್ಮ ಕೈ ಮೀರಿದ್ದು. ಕೊನೆಯಲ್ಲಿ ಸೌಹಾರ್ದಕ್ಕೆ ತಲಾ 75 ಯೂರೊ ವೋಚರ್, "ಒಪ್ಪಿದೆ" ಅಂತ ಒತ್ತಲು ಒಂದು ನೀಲಿ ಗುಂಡಿ. ಅದರ ಕೆಳಗೆ ಸಣ್ಣಕ್ಷರದಲ್ಲಿ, ಒತ್ತಿದರೆ ಈ ದೂರು ಪೂರ್ತಿ ಇತ್ಯರ್ಥವಾದಂತೆ ಎಂದಿತ್ತು. ಅಮ್ಮ ಒತ್ತಿಯೇ ಬಿಡುತ್ತಿದ್ದರು, "ಬಂದಷ್ಟು ಬರಲಿ ಬಿಡೋ" ಅಂತ.

ಈ ಮೂರೂ ಮಾತಿಗೆ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಯಾವತ್ತೋ ಉತ್ತರ ಕೊಟ್ಟಿದೆ. ಮೊದಲನೆಯದಕ್ಕೆ 2013ರ ಫೆಬ್ರವರಿಯ ಫೋಲ್ಕರ್ಟ್ಸ್ ತೀರ್ಪು. ಆ ಪ್ರಯಾಣಿಕರು ಜರ್ಮನಿಯ ಬ್ರೆಮೆನ್‌ನಿಂದ ಪ್ಯಾರಿಸ್, ಸಾವೊ ಪೌಲೊ ಮೂಲಕ ಪರಾಗ್ವೆಯ ಅಸುನ್ಸಿಯೋನ್‌ಗೆ ಹೊರಟಿದ್ದರು. ಬ್ರೆಮೆನ್‌ನಲ್ಲಿ ಆದ ತಡ ಸುಮಾರು ಎರಡೂವರೆ ಗಂಟೆ. ಪ್ಯಾರಿಸ್‌ನಲ್ಲಿ ವಿಮಾನ ತಪ್ಪಿ, ಕೊನೆಗೆ ಹನ್ನೊಂದು ಗಂಟೆ ತಡವಾಗಿ ತಲುಪಿದರು. ನಮ್ಮ ಕಥೆಯೇ ಅಲ್ವಾ! ಹೊರಡುವಾಗಿನ ತಡ ಎಷ್ಟೇ ಇರಲಿ, ಕೊನೆಯ ಊರಿನ ತಡವೇ ಲೆಕ್ಕ ಅಂತ ನ್ಯಾಯಾಲಯ ಹೇಳಿತು.

ಎರಡನೆಯದಕ್ಕೆ 2018ರ ವೆಗೆನರ್ ತೀರ್ಪು. ಬರ್ಲಿನ್‌ನಿಂದ ಮೊರಾಕ್ಕೊದ ಕಾಸಾಬ್ಲಾಂಕಾ, ಅಲ್ಲಿಂದ ಅಗಾದಿರ್. ಏರ್‌ಲೈನ್ ಕೂಡ ಮೊರಾಕ್ಕೊದ್ದೇ. ಬುಕಿಂಗ್ ಒಂದೇ ಆಗಿದ್ದರೆ ಎರಡೂ ಸೇರಿ ಒಂದೇ ಪ್ರಯಾಣ, ವಿಮಾನ ಬದಲಿಸಿದ ಜಾಗ ಒಕ್ಕೂಟದ ಹೊರಗಿದ್ದರೂ ಕಾಯ್ದೆ ಅನ್ವಯ ಅಂತ ಅದರ ಸಾರ. ಮೂರನೆಯದಕ್ಕೆ 2008ರ ವಾಲೆಂಟಿನ್-ಹೆರ್ಮನ್ ತೀರ್ಪು: ವಿಮಾನ ಓಡಿಸುವ ಕೆಲಸದಲ್ಲಿ ಸಹಜವಾಗಿ ಬರುವ ತಾಂತ್ರಿಕ ದೋಷ "ಅಸಾಧಾರಣ ಸಂದರ್ಭ" ಆಗುವುದಿಲ್ಲ.

ಎರಡನೇ ಪತ್ರ ಎಂಟು ಸಾಲಿನದು. ಒಂದೊಂದು ಆಕ್ಷೇಪಣೆಗೆ ಒಂದೊಂದು ತೀರ್ಪು, ವೋಚರ್ ಬೇಡ ಅಂತ ಒಂದು ಸಾಲು, ಮತ್ತೆ 14 ದಿನ. ಸಂಖ್ಯೆಗಳನ್ನು ಹೀಗೇ ಟೈಪ್ ಮಾಡಿ:

```
Regulation (EC) No 261/2004
C-11/11   (Folkerts)
C-537/17  (Wegener)
C-549/07  (Wallentin-Hermann)
```

ಇನ್ನೊಂದು ಪಕ್ಕಾ ಮಾತು. ಕೆಲವು ಕಾರಣ ನಿಜವಾಗಿಯೂ ಏರ್‌ಲೈನ್ ಕೈ ಮೀರಿದ್ದೇ. ಮಂಜು ಮುಸುಕಿ ನಿಲ್ದಾಣ ಮುಚ್ಚುವುದು, ವಿಮಾನ ಸಂಚಾರ ನಿಯಂತ್ರಕರ ಮುಷ್ಕರ, ಹಕ್ಕಿ ಬಡಿಯುವುದು ಇಂಥವು. ಏರ್‌ಲೈನ್‌ನ ಸ್ವಂತ ಸಿಬ್ಬಂದಿ ಸಂಬಳಕ್ಕಾಗಿ ಮಾಡುವ ಮುಷ್ಕರ ಇದರಲ್ಲಿ ಬರುವುದಿಲ್ಲ. ಕೈ ಮೀರಿದ್ದು ಅಂತ ಸಾಬೀತು ಮಾಡುವ ಹೊಣೆ ಏರ್‌ಲೈನ್‌ನದೇ. ಹವಾಮಾನ ಅಂತ ಬರೆದರೆ, ಅದೇ ಹೊತ್ತಿಗೆ ಅದೇ ನಿಲ್ದಾಣದಿಂದ ಬೇರೆ ವಿಮಾನಗಳು ಸರಿಯಾಗಿ ಹೊರಟಿವೆಯಾ ನೋಡಿ. ಎಲ್ಲವೂ ನಿಂತಿದ್ದರೆ ಪರಿಹಾರದ ಆಸೆ ಬಿಟ್ಟು ಊಟದ ಬಿಲ್ ಮಾತ್ರ ಕೇಳಿ. ಆ ಹಕ್ಕು ಮಂಜಿದ್ದರೂ ಇದೆ.

ಅದಕ್ಕೂ ಬಗ್ಗದಿದ್ದರೆ

ನಮಗೆ ಏಳನೇ ವಾರದಲ್ಲಿ "ಪುನರ್ ಪರಿಶೀಲಿಸಿದ್ದೇವೆ" ಅಂತ ಮೇಲ್ ಬಂತು, ಹಾಗಾಗಿ ಮುಂದಿನ ಬಾಗಿಲು ತಟ್ಟಲಿಲ್ಲ. ತಟ್ಟಬೇಕಾದವರು ಹೊರಟ ದೇಶ ನೋಡಬೇಕು. ಜರ್ಮನಿಯಲ್ಲಿ ಪ್ರಯಾಣಿಕರಿಗೆ ಪುಕ್ಕಟೆ ರಾಜಿ ಪಂಚಾಯಿತಿ ಮಾಡುವ ಸಂಸ್ಥೆ ಇದೆ. ಏರ್‌ಲೈನ್‌ಗೆ ದೂರು ಕೊಟ್ಟು ಎರಡು ತಿಂಗಳು ಕಾದ ಮೇಲೆ ಅಲ್ಲಿಗೆ ಹೋಗಬಹುದು. ಅದಕ್ಕೆ ಸೇರದ ಏರ್‌ಲೈನ್ ಆಗಿದ್ದರೆ ಅಲ್ಲಿಯ ಫೆಡರಲ್ ನ್ಯಾಯ ಕಚೇರಿ ಅದೇ ಕೆಲಸ ಮಾಡುತ್ತದೆ. ಕೋರ್ಟಿಗೆ ಹೋಗಲು ಜರ್ಮನಿಯಲ್ಲಿ ಮೂರು ವರ್ಷ ಸಮಯ, ಅದನ್ನೂ ಆ ವರ್ಷದ ಡಿಸೆಂಬರ್ 31ರಿಂದ ಎಣಿಸುತ್ತಾರೆ. ಬೇರೆ ದೇಶಗಳಲ್ಲಿ ಈ ಅವಧಿ ಬೇರೆ. ಕಮಿಷನ್ ಮೇಲೆ ಹಣ ಕೊಡಿಸುವ ಕಂಪನಿಗಳೂ ಇವೆ. ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಅವರೇ ಇಟ್ಟುಕೊಳ್ಳುತ್ತಾರೆ. ಎರಡು ಪತ್ರ ನೀವೇ ಬರೆದು ನೋಡಿ, ಆಮೇಲೆ ಅವರ ಹತ್ತಿರ ಹೋಗಿ.

ಬೆಂಗಳೂರಿಂದ ಹೊರಟಾಗ ತಪ್ಪಿದ್ದರೆ

ಯುರೋಪಿನದಲ್ಲದ ಏರ್‌ಲೈನ್‌ನಲ್ಲಿ ಇಲ್ಲಿಂದ ಹೊರಟು ವಿಮಾನ ತಪ್ಪಿದರೆ ತಲಾ ಇಷ್ಟು ಅಂತ ಗೊತ್ತುಪಡಿಸಿದ ಮೊತ್ತ ಇಲ್ಲ. ಅಲ್ಲಿ ಆಧಾರ ಮಾಂಟ್ರಿಯಲ್ ಒಪ್ಪಂದದ 19ನೇ ವಿಧಿ. ಭಾರತ 2009ರಿಂದ ಅದರಲ್ಲಿದೆ. ತಡದಿಂದ ನಿಜವಾಗಿ ಆದ ನಷ್ಟವನ್ನು ಬಿಲ್ ಸಮೇತ ಕೇಳಬೇಕು: ಕಟ್ಟಿದ ಹೋಟೆಲು, ತಪ್ಪಿದ ರೈಲು. ನಮ್ಮ ಟ್ಯಾಕ್ಸಿಯ 1,500 ರೂಪಾಯಿ ಅಂಥ ಪತ್ರದಲ್ಲಿ ಮೊದಲ ಸಾಲಿಗೇ ಬರುತ್ತಿತ್ತು. ತಡ ತಪ್ಪಿಸಲು ಮಾಡಬಹುದಾದ್ದನ್ನೆಲ್ಲ ಮಾಡಿದ್ದೇವೆ ಅಂತ ಏರ್‌ಲೈನ್ ತೋರಿಸಿದರೆ ಅದೂ ಸಿಗುವುದಿಲ್ಲ. ಕೋರ್ಟಿಗೆ ಹೋಗಲು ಎರಡು ವರ್ಷದ ಗಡುವು. ಉತ್ತರ ಬರದಿದ್ದರೆ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಿ. ಆಮೇಲೆ ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಬಹುದು. ಟಿಕೆಟ್ ಬೆಲೆ 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ಏರ್‌ಲೈನ್ ಯಾವ ದೇಶದ್ದಾದರೂ ಶಿವಮೊಗ್ಗದವರು ಶಿವಮೊಗ್ಗದಲ್ಲೇ ಕೇಸು ಹಾಕಬಹುದು.

ಹಣ ತರಿಸಿಕೊಳ್ಳುವಾಗ

ಒಪ್ಪಿದ ಮೇಲೂ ನಮಗೆ ಹತ್ತು ದಿನ ಎಳೆಯಿತು. ಏರ್‌ಲೈನ್‌ನ ಫಾರಂ ಯುರೋಪಿನ ಬ್ಯಾಂಕ್ ಖಾತೆಗಳ ಐಬ್ಯಾನ್ ನಂಬರ್ ಕೇಳಿತು. ಭಾರತದ ಖಾತೆಗಳಿಗೆ ಅದು ಇರುವುದಿಲ್ಲ. ಅಪ್ಪನ ಖಾತೆ ನಂಬರ್ ಮತ್ತು ಬ್ಯಾಂಕಿನ ಸ್ವಿಫ್ಟ್ ಕೋಡ್ ಹಾಕಿದರೆ ಫಾರಂ ಒಪ್ಪಲಿಲ್ಲ. ಕೊನೆಗೆ ಅಕ್ಕನ ಜರ್ಮನ್ ಖಾತೆ ಕೊಟ್ಟೆವು. ಅದಕ್ಕೆ "ನಮ್ಮ ಪರವಾಗಿ ಮಗಳ ಖಾತೆಗೆ ಹಣ ಹಾಕಿ" ಎಂದು ಅಪ್ಪ ಒಂದು, ಅಮ್ಮ ಒಂದು ಪತ್ರ ಬರೆದು, ಪಾಸ್‌ಪೋರ್ಟಿನಲ್ಲಿರುವ ಹಾಗೇ ಸಹಿ ಹಾಕಿ ಸ್ಕ್ಯಾನ್ ಕಳಿಸಬೇಕಾಯಿತು. ಅಮ್ಮ ಈಗ ಇಂಗ್ಲಿಷಿನಲ್ಲಿ ಸಹಿ ಮಾಡುತ್ತಾರೆ, ಪಾಸ್‌ಪೋರ್ಟಿನಲ್ಲಿರುವುದು ಕನ್ನಡ ಸಹಿ. ಮೊದಲ ಪತ್ರ ಅದೇ ಕಾರಣಕ್ಕೆ ವಾಪಸ್ ಬಂತು. ಎರಡನೆಯದು ಹೋದ ಮೇಲೆ ಅಕ್ಕನ ಖಾತೆಗೆ 1,231 ಯೂರೊ ಜಮಾ ಆಯಿತು, ಊಟದ ಬಿಲ್ ಸೇರಿ.